ದಿನಾಂಕವಿಲ್ಲದ ಪಟ್ಟಿಯಲ್ಲಿ ಬದಲಾದ ಸಾಲನ್ನು ಹಿಡಿಯುವ ಬಗೆ

ಒಂದು ಕಡೆ ಇರುವ ಮಾಹಿತಿಯ ನಕಲನ್ನು ಇನ್ನೊಂದು ಕಡೆ ಇಟ್ಟುಕೊಂಡು, ಮೂಲ ಬದಲಾದ ಹಾಗೆಲ್ಲ ನಕಲನ್ನೂ ತಿದ್ದುತ್ತ ಹೋಗುವುದಕ್ಕೆ ಸಿಂಕ್ ಎನ್ನುತ್ತಾರೆ. ಮೂಲದ ಒಂದೊಂದು ಸಾಲಿನ ಜೊತೆಗೂ ಅದನ್ನು ಕೊನೆಯ ಸಲ ತಿದ್ದಿದ ದಿನ ಮತ್ತು ಹೊತ್ತು ನಮೂದಾಗಿದ್ದರೆ ಕೆಲಸ ಸಲೀಸು. ನಿನ್ನೆ ರಾತ್ರಿಯಿಂದ ಈಚೆಗೆ ತಿದ್ದಿದ್ದನ್ನು ಮಾತ್ರ ಕೇಳಿದರಾಯಿತು. ಎಷ್ಟೋ ಮೂಲಗಳಲ್ಲಿ ಆ ನಮೂದೇ ಇರುವುದಿಲ್ಲ.

ಒಂದು ಪುಸ್ತಕ ಮಳಿಗೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಅದರ ವಿತರಕರು 40,000 ಪುಸ್ತಕಗಳ ಬೆಲೆಪಟ್ಟಿಯನ್ನು ಒಂದೇ ಫೈಲಿನಲ್ಲಿ ತಮ್ಮ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ಸಾಲಿಗೊಂದು ಪುಸ್ತಕ, ಐಎಸ್‌ಬಿಎನ್ ಸಂಖ್ಯೆ, ಹೆಸರು, ಲೇಖಕರು, ಬೆಲೆ, ಎಷ್ಟು ಪ್ರತಿ ಉಳಿದಿದೆ ಎಂಬ ಲೆಕ್ಕ, ಇಷ್ಟೇ. ಮಳಿಗೆಯ ಪ್ರೋಗ್ರಾಮು ರಾತ್ರಿ ಅದನ್ನು ತಂದು ತನ್ನ ಡೇಟಾಬೇಸನ್ನು ಸರಿಪಡಿಸಬೇಕು. ಯಾವ ಪುಸ್ತಕದ ಬೆಲೆ ಏರಿದೆ, ಯಾವುದರ ಪ್ರತಿಗಳು ಮುಗಿದಿವೆ ಎಂದು ಪಟ್ಟಿ ತಾನಾಗಿ ಹೇಳುವುದಿಲ್ಲ.

ಮೊದಲು ಕೇಳಬೇಕಾದದ್ದು, ಇಡೀ ಫೈಲೇ ಬದಲಾಗಿದೆಯೇ ಎಂದು. ಇದಕ್ಕೆ ವೆಬ್‌ನಲ್ಲೇ ಒಂದು ಏರ್ಪಾಡಿದೆ. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1ರ ನಿಯಮಾವಳಿಯ ಪ್ರಕಾರ ಸರ್ವರು ತಾನು ಕಳಿಸುವ ಫೈಲಿಗೆ ಇ-ಟ್ಯಾಗ್ ಎಂಬ ಒಂದು ಗುರುತುಚೀಟಿ ಅಂಟಿಸಬಹುದು. ಆ ಚೀಟಿಯ ಅಕ್ಷರಗಳಿಗೆ ಏನು ಅರ್ಥ ಎಂದು ಪಡೆದವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಜೋಪಾನವಾಗಿ ಇಟ್ಟುಕೊಂಡು ಮುಂದಿನ ಸಲ ಹಾಗೆಯೇ ತೋರಿಸಿದರೆ ಸಾಕು.

```
GET /belepatti.csv HTTP/1.1
If-None-Match: "5f2c-a41b"

HTTP/1.1 304 Not Modified
ETag: "5f2c-a41b"
```

304 ಎಂದರೆ 'ನಿಮ್ಮಲ್ಲಿರುವುದೇ ಸರಿ' ಎಂದರ್ಥ. ಈ ಉತ್ತರದ ಜೊತೆ ಫೈಲು ಬರುವುದಿಲ್ಲ, ಆ ರಾತ್ರಿಯ ಕೆಲಸ ಅಲ್ಲಿಗೇ ಮುಗಿಯಿತು. ಚೀಟಿ ಹೊಂದದಿದ್ದರೆ 200 ಎಂಬ ಉತ್ತರದೊಂದಿಗೆ ಪೂರ್ತಿ ಫೈಲೂ ಹೊಸ ಚೀಟಿಯೂ ಬರುತ್ತವೆ.

ಆದರೆ ಚೀಟಿ ಬದಲಾದ ಮಾತ್ರಕ್ಕೆ ಒಳಗಿನದು ಬದಲಾಗಿದೆ ಎನ್ನುವಂತಿಲ್ಲ. ಎನ್‌ಜಿನ್‌ಎಕ್ಸ್ ಎಂಬ ಜನಪ್ರಿಯ ಸರ್ವರು ಫೈಲನ್ನು ಬರೆದ ಹೊತ್ತು ಮತ್ತು ಅದರ ಗಾತ್ರ, ಇವೆರಡನ್ನು ಸೇರಿಸಿ ಚೀಟಿ ಮಾಡುತ್ತದೆ. ವಿತರಕರ ಪ್ರೋಗ್ರಾಮು ಅದೇ ಪಟ್ಟಿಯನ್ನು ದಿನಾ ರಾತ್ರಿ ಮತ್ತೆ ಬರೆದಿಟ್ಟರೆ ಒಂದಕ್ಷರ ಬದಲಾಗದಿದ್ದರೂ ಚೀಟಿ ಹೊಸದು. ಅಪಾಚೆ ಸರ್ವರಿನ ಹಳೆಯ ಆವೃತ್ತಿಗಳು ಡಿಸ್ಕಿನಲ್ಲಿ ಫೈಲಿಗಿರುವ ಆಂತರಿಕ ಸಂಖ್ಯೆಯನ್ನೂ ಸೇರಿಸುತ್ತಿದ್ದವು. ಹೀಗಾಗಿ ಒಂದೇ ಫೈಲನ್ನು ಎರಡು ಯಂತ್ರಗಳು ಹಂಚುತ್ತಿದ್ದಲ್ಲಿ ಯಂತ್ರಕ್ಕೊಂದು ಚೀಟಿ ಸಿಗುತ್ತಿತ್ತು. 2.4ನೇ ಆವೃತ್ತಿಯಿಂದ ಅಪಾಚೆ ಆ ಸಂಖ್ಯೆಯನ್ನು ಬಿಟ್ಟಿತು. ಮೂಲದ ಚೀಟಿ ನಂಬಿಕಸ್ಥವೇ ಎಂದು ತಿಳಿಯಲು `curl -I` ಎಂಬ ಆಜ್ಞೆಯನ್ನು ಕೆಲವು ನಿಮಿಷಗಳ ಅಂತರದಲ್ಲಿ ಹತ್ತಾರು ಸಲ ಕೊಟ್ಟು ನೋಡಬೇಕು. ಪಟ್ಟಿ ಹಾಗೇ ಇದ್ದು ಚೀಟಿ ಮಾತ್ರ ಅತ್ತಿಂದಿತ್ತ ಜಿಗಿಯುತ್ತಿದ್ದರೆ ಅದರಿಂದ ಸಿಗುವ ಉಳಿತಾಯ ಶೂನ್ಯ.

ಚೀಟಿ ಸರಿಯಿದ್ದರೂ ಅದು ಮಾತಾಡುವುದು ಇಡೀ ಫೈಲಿನ ಬಗ್ಗೆ. ಒಂದು ಪುಸ್ತಕದ ಬೆಲೆ ಬದಲಾದರೂ 40,000 ಸಾಲು ಮತ್ತೆ ಬರುತ್ತದೆ. ಅದರೊಳಗೆ ಹೊಸದು ಯಾವುದು ಎಂದು ಹುಡುಕಲು ಸಾಲಿಗೊಂದು ಬೆರಳಚ್ಚು ಬೇಕು. ಹ್ಯಾಶ್ ಎಂಬುದು ಇದೇ. ಎಷ್ಟೇ ಉದ್ದದ ಪಠ್ಯ ಕೊಟ್ಟರೂ ಎಸ್‌ಎಚ್‌ಎ-256 ಎಂಬ ವಿಧಾನ ಅದನ್ನು ಅರೆದು 32 ಬೈಟ್‌ಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಪಠ್ಯ ಅದೇ ಇದ್ದರೆ ಸಂಖ್ಯೆಯೂ ಅದೇ. ಒಂದು ಚುಕ್ಕೆ ವ್ಯತ್ಯಾಸವಾದರೂ ಸಂಖ್ಯೆ ಗುರುತೇ ಸಿಗದಷ್ಟು ಬೇರೆ. ಎರಡು ಬೇರೆ ಸಾಲುಗಳಿಗೆ ಆಕಸ್ಮಿಕವಾಗಿ ಒಂದೇ ಬೆರಳಚ್ಚು ಬಂದೀತೆಂಬ ಭಯಕ್ಕೆ ಇಲ್ಲಿ ಕಾರಣವಿಲ್ಲ. 40,000 ಪುಸ್ತಕಗಳ ಬೆರಳಚ್ಚು ಒಟ್ಟು 13 ಲಕ್ಷ ಬೈಟ್‌ನ ಆಸುಪಾಸು, ಮೊಬೈಲಿನ ಒಂದು ಫೋಟೋದಷ್ಟೂ ಆಗುವುದಿಲ್ಲ.

ಮಳಿಗೆಯ ಪ್ರೋಗ್ರಾಮು ಐಎಸ್‌ಬಿಎನ್ ಸಂಖ್ಯೆಯ ಎದುರು ನಿನ್ನೆಯ ಬೆರಳಚ್ಚನ್ನು ಬರೆದಿಟ್ಟಿರುತ್ತದೆ. ಇಂದು ಬಂದ ಸಾಲುಗಳಿಗೆ ಹೊಸದಾಗಿ ಬೆರಳಚ್ಚು ತೆಗೆದು ಹೋಲಿಸುತ್ತದೆ. ಒಂದು ರಾತ್ರಿ 39,670 ಸಾಲುಗಳ ಬೆರಳಚ್ಚು ಹೊಂದಿತು, 312 ಸಾಲುಗಳದ್ದು ಹೊಂದಲಿಲ್ಲ, 45 ಐಎಸ್‌ಬಿಎನ್‌ಗಳು ಹಿಂದೆ ಇರಲೇ ಇಲ್ಲ, ಹಿಂದೆ ಇದ್ದ 18 ಈಗ ಕಾಣೆ ಎಂದುಕೊಳ್ಳೋಣ. ಡೇಟಾಬೇಸಿನಲ್ಲಿ 312 ಸಾಲು ತಿದ್ದಿ, 45 ಸೇರಿಸಿ, 18ನ್ನು ತೆಗೆದರೆ ಮುಗಿಯಿತು. ಗಮನಿಸಬೇಕಾದದ್ದು, ಬೆರಳಚ್ಚಿನಿಂದ ಉಳಿಯುವುದು ಬರೆಯುವ ಶ್ರಮ ಮಾತ್ರ. ಓದುವ ಶ್ರಮ ಪೂರ್ತಿ ಇದ್ದೇ ಇದೆ.

ಬೆರಳಚ್ಚು ತೆಗೆಯುವ ಮೊದಲು ಸಾಲನ್ನು ಒಂದು ಅಚ್ಚಿಗೆ ತರುವುದರಲ್ಲೇ ಎಲ್ಲ ನಾಜೂಕು ಇರುವುದು. ನಿನ್ನೆ 250 ಎಂದಿದ್ದ ಬೆಲೆ ಇಂದು 250.00 ಎಂದು ಬಂದರೆ ಅಂಗಡಿಯವರಿಗೆ ಎರಡೂ ಒಂದೇ, ಹ್ಯಾಶಿಗೆ ಅಲ್ಲ. ಕನ್ನಡದ ಪಟ್ಟಿಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. 'ಕೊ' ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಕಕಾರ ಮತ್ತು ಒಕಾರದ ಚಿಹ್ನೆಯಾಗಿ ಬರೆಯಬಹುದು. ಕಕಾರದ ಮುಂದೆ ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದಾದ ಮೇಲೊಂದರಂತೆ ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪ. ಯುಟಿಎಫ್-8ರಲ್ಲಿ ಮೊದಲನೆಯದು 6 ಬೈಟ್, ಎರಡನೆಯದು 9. ವಿತರಕರು ಟೈಪಿಂಗ್ ತಂತ್ರಾಂಶ ಬದಲಿಸಿದ ದಿನ 'ಕೊ', 'ಮೊ' ಇರುವ ಹೆಸರುಗಳೆಲ್ಲ ಬದಲಾದಂತೆ ತೋರಬಹುದು. ಯೂನಿಕೋಡಿನ ಎನ್‌ಎಫ್‌ಸಿ ಎಂಬ ಕ್ರಮ ಈ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ.

```
def beralachchu(salu):
    t = json.dumps(salu, ensure_ascii=False)
    t = unicodedata.normalize("NFC", t)
    return hashlib.sha256(t.encode("utf-8")).hexdigest()
```

ಇಲ್ಲಿ `salu` ಎಂಬುದು ಗೊತ್ತಾದ ಕ್ರಮದಲ್ಲಿ ಜೋಡಿಸಿದ, ಬೆಲೆಯನ್ನು ಮೊದಲೇ ಒಂದು ರೂಪಕ್ಕೆ ತಂದ ಪಟ್ಟಿ. ಅಂಕಣಗಳನ್ನು ಸುಮ್ಮನೆ ಒತ್ತೊತ್ತಾಗಿ ಅಂಟಿಸಬಾರದು. ಬೆಲೆ 25, ಉಳಿದ ಪ್ರತಿ 01 ಎಂಬುದೂ ಬೆಲೆ 250, ಉಳಿದ ಪ್ರತಿ 1 ಎಂಬುದೂ ಅಂಟಿಸಿದಾಗ 2501 ಆಗಿಬಿಡುತ್ತವೆ. ಪಟ್ಟಿ ತಯಾರಾದ ಹೊತ್ತು ಸಾಲುಸಾಲಿಗೂ ಅಚ್ಚಾಗಿ ಬರುವಂತಿದ್ದರೆ ಆ ಅಂಕಣವನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದು ರಾತ್ರಿ 40,000 ಸಾಲೂ ಬದಲಾಗಿವೆ ಎಂದು ವರದಿ ಬಂದರೆ ಕಾರಣ ಬಹುತೇಕ ಇಂಥದ್ದೇ. ಯಾವುದಾದರೂ ಒಂದು ಪುಸ್ತಕದ ನಿನ್ನೆಯ ಮತ್ತು ಇಂದಿನ ಪಠ್ಯವನ್ನು ಬೈಟ್ ಬೈಟಾಗಿ ಅಕ್ಕಪಕ್ಕ ಇಟ್ಟು ನೋಡಿದರೆ ಕಳ್ಳ ಸಿಗುತ್ತಾನೆ. ಅದಕ್ಕಾಗಿ ಬೆರಳಚ್ಚನ್ನಷ್ಟೇ ಇಟ್ಟುಕೊಂಡರೆ ಸಾಲದು, ಅದನ್ನು ಯಾವ ಪಠ್ಯದಿಂದ ತೆಗೆದದ್ದೋ ಅದೂ ಕೈಯಲ್ಲಿರಬೇಕು.

ಹೆಚ್ಚು ಅಪಾಯವಿರುವುದು ಅಳಿಸುವಲ್ಲಿ. ಫೈಲು ಬರುವಾಗ ನಡುವೆ ಸಂಪರ್ಕ ಕಡಿದು 15,000 ಸಾಲಷ್ಟೇ ಬಂದಿದ್ದರೆ, ಉಳಿದ 25,000 ಪುಸ್ತಕಗಳನ್ನು ವಿತರಕರು ಕೈಬಿಟ್ಟಿದ್ದಾರೆಂದು ಪ್ರೋಗ್ರಾಮು ತಿಳಿದು ಅಳಿಸುತ್ತದೆ. ಆದ್ದರಿಂದ ಸರ್ವರು ಹೇಳಿದ ಗಾತ್ರಕ್ಕೂ ಬಂದ ಗಾತ್ರಕ್ಕೂ ತಾಳೆ ನೋಡಬೇಕು. ಕಾಣೆಯಾದವು ನೂರಕ್ಕೆ ಐದನ್ನು ಮೀರಿದರೆ ಕೆಲಸ ನಿಲ್ಲಿಸಿ ಮನುಷ್ಯರನ್ನು ಕೇಳುವಂತೆ ಮಾಡಿಡುವುದು ಲೇಸು. ಹಾಗೆಯೇ ಹೊಸ ಬೆರಳಚ್ಚನ್ನೂ ಇ-ಟ್ಯಾಗನ್ನೂ ಉಳಿಸುವುದು ಸಾಲುಗಳನ್ನು ತಿದ್ದಿ ಮುಗಿಸಿದ ಮೇಲೆಯೇ. ಮೊದಲೇ ಉಳಿಸಿ, ತಿದ್ದುವಾಗ ವಿದ್ಯುತ್ ಹೋದರೆ, ಮರುದಿನ ಸರ್ವರು 304 ಎನ್ನುತ್ತದೆ. ಹಳೆಯ ಬೆಲೆ ಹಾಗೇ ಉಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಬೆರಳಚ್ಚು ಹೇಳುವುದು ನಿನ್ನೆಗೂ ಇಂದಿಗೂ ವ್ಯತ್ಯಾಸವಿದೆಯೇ ಎಂಬುದನ್ನು ಮಾತ್ರ. ಬೆಳಿಗ್ಗೆ 250 ಇದ್ದ ಬೆಲೆ ಮಧ್ಯಾಹ್ನ 300 ಆಗಿ ಸಂಜೆ ಮತ್ತೆ 250ಕ್ಕೆ ಇಳಿದರೆ, ರಾತ್ರಿಯ ಸಿಂಕ್‌ಗೆ ಆ ದಿನ ಏನೂ ನಡೆದೇ ಇಲ್ಲ.