ಬ್ರೇಕ್ ತಗೊಂಡ್ರೆ ಪ್ರೀತಿ ಉಳಿಯುತ್ತಾ?

"ಸ್ವಲ್ಪ ದಿನ ದೂರ ಇರೋಣ."
ಹೀಗಂದ ಜೋಡಿ ಮತ್ತೆ ಒಂದಾಗುತ್ತಾ?

ಕೆಲವರು ಆಗ್ತಾರೆ.
2007ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ, ಗೆಳತಿ ಕೇಟ್ ಬೇರೆಯಾದರು.
ಕೆಲವೇ ತಿಂಗಳಲ್ಲಿ ಮತ್ತೆ ಜೊತೆಯಾದರು.
2011ರಲ್ಲಿ ಮದುವೆ!

ಕೆಟ್ಟ ಬ್ರೇಕ್ ಹೇಗಿರುತ್ತೆ?
‘ಫ್ರೆಂಡ್ಸ್’ ಸೀರಿಯಲ್‌ನ ರಾಸ್, ರೇಚಲ್ ನೆನಪಿದ್ದಾರಾ?
ಅವಳಿಗೆ ಕೆಲಸದ ಒತ್ತಡ, ಅವನಿಗೆ ಹೊಟ್ಟೆಕಿಚ್ಚು.
ಜಗಳದ ಮಧ್ಯೆ ಅವಳು ಬ್ರೇಕ್ ಅಂದಳು.
ಅವನು ಎದ್ದು ಹೋದ. ಅದೇ ರಾತ್ರಿ ಇನ್ನೊಬ್ಬಳ ಜೊತೆ ಇದ್ದ.

ಅವನ ವಾದ: ನಾವು ಬ್ರೇಕ್‌ನಲ್ಲಿದ್ವಿ.
ಅವಳ ಲೆಕ್ಕದಲ್ಲಿ ಅದು ಮೋಸ.
ತಪ್ಪು ಯಾರದು ಅಂತ ಅಭಿಮಾನಿಗಳು ಇವತ್ತಿಗೂ ಕಿತ್ತಾಡ್ತಾರೆ.
ಆದರೆ ನಿಯಮ ಏನು ಅಂತ ಆ ಇಬ್ಬರೂ ಮಾತಾಡಿರಲೇ ಇಲ್ಲ!

ಅದಕ್ಕೇ ಮೊದಲ ಪ್ರಶ್ನೆ:
ಬ್ರೇಕ್‌ನ ದಿನಗಳಲ್ಲಿ ಬೇರೆಯವರ ಜೊತೆ ಡೇಟಿಂಗ್ ಉಂಟಾ, ಇಲ್ವಾ?
ಕೇಳೋಕೆ ಮುಜುಗರ. ಆದರೂ ಕೇಳಲೇಬೇಕು.

ಆಮೇಲೆ ತಾರೀಖು.
ಶಟರ್ ಎಳೆದ ಅಂಗಡಿ ಮೇಲೆ ‘ಸೋಮವಾರ ತೆರೆಯುತ್ತೆ’ ಅಂತ ಚೀಟಿ ಇದ್ರೆ ಗಿರಾಕಿ ಕಾಯ್ತಾನೆ.
ಚೀಟಿ ಇಲ್ಲದಿದ್ರೆ ಬೇರೆ ಅಂಗಡಿ ನೋಡ್ಕೋತಾನೆ.
ಮೂರು ವಾರವೋ, ಒಂದು ತಿಂಗಳೋ, ಭೇಟಿಯ ದಿನ, ಜಾಗ ಮೊದಲೇ ಗೊತ್ತಿರಲಿ.

ಮೆಸೇಜ್ ಎಷ್ಟು?
ವಾರಕ್ಕೊಂದು ಫೋನ್, ಅಥವಾ ಪೂರ್ತಿ ಮೌನ. ಇಬ್ಬರೂ ಒಪ್ಪಿದ್ದು ಯಾವುದಾದ್ರೂ ಸರಿ.

ಒಂದು ಮಾತು: ಹೊಡೆತ, ಬೆದರಿಕೆ ಇದ್ದರೆ ಈ ನಿಯಮಗಳು ಅಲ್ಲಿಗಲ್ಲ. ಅಲ್ಲಿ ಸುರಕ್ಷತೆಯೇ ಮೊದಲು.

ಇನ್ನು, ಬ್ರೇಕ್ ಜಾರ್ತಿದೆ ಅಂತ ಗೊತ್ತಾಗೋದು ಹೇಗೆ?
ಭೇಟಿಯ ದಿನ ಒಮ್ಮೆ ಮುಂದೆ ಹೋದರೆ, ಪರವಾಗಿಲ್ಲ.
ಎರಡನೇ ಸಲ ಕಾರಣವೂ ಹೇಳದೆ, ಹೊಸ ತಾರೀಖೂ ಕೊಡದೆ ಮುಂದೆ ಹೋದರೆ?
"ಮುಗೀತಾ?" ಅಂತ ಅವತ್ತೇ ಕೇಳಬಹುದು.