ಕೊನೆಯ ಆಟಕ್ಕೆ ಕಡ್ಡಿ ಸಾಲಲಿಲ್ಲ

2019ರ ಮೇ ತಿಂಗಳಲ್ಲಿ ದಾದರಿನ ಚಿತ್ರಾ ಟಾಕೀಸು ಮುಚ್ಚಿದ ಸುದ್ದಿಯನ್ನು ಡೊಂಬಿವಲಿ ಲೋಕಲ್‌ನಲ್ಲಿ ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮೂರಿನ ಆಪರೇಟರಣ್ಣ. ಅದಕ್ಕೂ ಏಳು ವರ್ಷ ಮೊದಲು ಅವರು ನನಗೆ ಫೋನ್ ಮಾಡಿ ಒಂದೇ ಮಾತು ಕೇಳಿದ್ದರು: "ಮುಂಬಯಿಯಲ್ಲಿ ಕಾರ್ಬನ್ ಸಿಗ್ತದಾ ನೋಡು ಮಾರಾಯ. ಶನಿವಾರ ಕೊನೇ ಆಟ."

ಹಳೆಯ ಪ್ರೊಜೆಕ್ಟರಿನಲ್ಲಿ ಬಲ್ಬು ಇರುವುದಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಯನ್ನು ಒಮ್ಮೆ ತಾಗಿಸಿ ಸ್ವಲ್ಪ ದೂರ ಸರಿಸಿದರೆ ನಡುವೆ ಕಣ್ಣು ಕುಕ್ಕುವ ಬೆಳಕು ಹುಟ್ಟುತ್ತದೆ. ಕಡ್ಡಿ ಉರಿದು ಗಿಡ್ಡವಾದಂತೆ ಅಂತರ ಹೆಚ್ಚುತ್ತದೆ, ತೆರೆ ಮಂಕಾಗುತ್ತದೆ. ಆಪರೇಟರ್ ಕಪ್ಪು ಗಾಜಿನಲ್ಲಿ ಇಣುಕುತ್ತಾ ಕಡ್ಡಿಗಳನ್ನು ಹತ್ತಿರ ತರುತ್ತಲೇ ಇರಬೇಕು. ಆ ಹೊತ್ತಿಗೆ ದೊಡ್ಡ ಊರುಗಳಲ್ಲೆಲ್ಲ ಡಿಜಿಟಲ್ ಬಂದು ಕಡ್ಡಿಗೆ ಗಿರಾಕಿಗಳೇ ಇರಲಿಲ್ಲ. ನಾನು ಲ್ಯಾಮಿಂಗ್ಟನ್ ರಸ್ತೆ ಸುತ್ತಿ, ಕೊನೆಗೆ ಚೋರ್ ಬಜಾರಿನಲ್ಲಿ ಒಂದು ಕಟ್ಟು ಹಿಡಿದು ಬಸ್ಸು ಹತ್ತಿದೆ.

ಕ್ಯಾಬಿನ್ನಿನಲ್ಲಿ ಆಪರೇಟರಣ್ಣ ಕಟ್ಟು ಬಿಚ್ಚಿ ನಕ್ಕರು. "ಇದು ಒಂಬತ್ತರದ್ದು. ನಮ್ಮ ಹೋಲ್ಡರ್ ಎಂಟರದ್ದು." ಒಂದು ಮಿಲಿಮೀಟರ್! ಉಜ್ಜಿ ಸಣ್ಣ ಮಾಡಬಹುದಲ್ಲ ಎಂದೆ. "ಮೇಲಿನ ತಾಮ್ರದ ಲೇಪ ಹೋದರೆ ಕಡ್ಡಿ ಇಡೀ ಕಾಯ್ತದೆ, ಒಡೀತದೆ. ಕರೆಂಟು ಹರಿಯೂದು ಆ ತಾಮ್ರದಲ್ಲಿ," ಎಂದು ಕಟ್ಟನ್ನು ಮೂಲೆಗಿಟ್ಟರು.

ಅಂದಿನ ಚಿತ್ರ 'ಬಂಗಾರದ ಮನುಷ್ಯ'. ಪೆಟ್ಟಿಗೆಯಲ್ಲಿ ಸಾವಿರ ಅಡಿಯ 16 ರೀಲು. ಎರಡೆರಡನ್ನು ಅಂಟಿಸಿ ಎಂಟು ಭಾಗ ಮಾಡಿದ್ದರು. ಒಂದೊಂದು ಭಾಗ ಸುಮಾರು 22 ನಿಮಿಷ. ಅವರ ಬಳಿ ಇದ್ದದ್ದು ಎರಡು ಜೋಡಿ ಹೊಸ ಕಡ್ಡಿ, ಆಮೇಲೆ ಹಾಲಿನ ಡಬ್ಬಿಯಲ್ಲಿ ಉರಿದುಳಿದ ತುಂಡುಗಳು. ತುಂಡಿನ ಹಿಂದೆ ತಾಮ್ರದ ಕೊಳವೆ ಸಿಕ್ಕಿಸಿ ಉದ್ದ ಮಾಡಿದರೆ ಇನ್ನೂ ಸ್ವಲ್ಪ ಉರಿಯುತ್ತದೆ. ಹೊಸ ಕಡ್ಡಿಗಳನ್ನು ಮೊದಲೇ ಹಾಕಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆರಂಭದ ಭಾಗಗಳಿಗೆ ತುಂಡು ಹಾಕಿದರು. "ಜನ ಬಂದು ಕೂತುಕೊಳ್ಳುವಾಗ ಬೆಳಕು ಸ್ವಲ್ಪ ಆಚೀಚೆ ಆದರೆ ನಡೀತದೆ. ಕೊನೆಗೆ ಮಂಕಾದರೆ ಬೈತಾರೆ."

ಎರಡು ಪ್ರೊಜೆಕ್ಟರ್ ಇದ್ದವು. ಒಂದರ ಭಾಗ ಮುಗಿಯುವ ಮುಂಚೆ ತೆರೆಯ ಬಲ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ. ಆಗ ಎರಡನೆಯದರ ಮೋಟಾರು ಶುರು. ಸುಮಾರು ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಬೆಳಕಿನ ಬದಲಾವಣೆ. ಹಳೆಯ ಪ್ರಿಂಟುಗಳಲ್ಲಿ ತುದಿ ಹರಿದು ಹರಿದು ಚುಕ್ಕೆಯಿದ್ದ ಚೌಕಟ್ಟುಗಳೇ ಹೋಗಿರುತ್ತವೆ. ಐದನೇ ಭಾಗದಲ್ಲಿ ಹಾಗೇ ಆಗಿತ್ತು. ಆಪರೇಟರಣ್ಣ ತೆರೆ ನೋಡಲೇ ಇಲ್ಲ. ಸ್ಪೀಕರಿಗೆ ಕಿವಿಕೊಟ್ಟು, ಒಂದು ಮಾತು ಮುಗಿದ ಕೂಡಲೇ ಮೋಟಾರು ಹಾಕಿದರು. ಕೆಳಗೆ ಯಾರಿಗೂ ಗೊತ್ತಾಗಲಿಲ್ಲ. ಆ ಚಿತ್ರವನ್ನು ಎಷ್ಟು ಸಲ ಓಡಿಸಿದ್ದೀರಿ ಎಂದು ಕೇಳಿದೆ. "ನೋಡಿದ್ದು ಒಮ್ಮೆಯೂ ಇಲ್ಲ," ಎಂದರು.

ಇಂಟರ್‌ವಲ್‌ನಲ್ಲಿ ಮಾಲೀಕರು ಮೇಲೆ ಬಂದು ಚಹಾ ಕೊಟ್ಟು ಹೋದರು. ಡಿಜಿಟಲ್ ಯಂತ್ರಕ್ಕೆ ಹಾಕುವಷ್ಟು ದುಡ್ಡು ನಮ್ಮೂರ ಟಿಕೆಟಿನಲ್ಲಿ ಹುಟ್ಟುವುದಿಲ್ಲ ಎಂದು ಅವರು ಎಲ್ಲರಿಗೂ ಹೇಳಿ ಆಗಿತ್ತು. ಕಟ್ಟಡ ಮದುವೆ ಹಾಲ್ ಆಗುವುದಿತ್ತು. ಲೆಕ್ಕ ಸರಿಯೇ, ಆದರೆ ಆಪರೇಟರಣ್ಣನ ಲೈಸೆನ್ಸು ಮದುವೆ ಹಾಲಿನಲ್ಲಿ ಯಾವ ಕೆಲಸಕ್ಕೆ?

ಎಂಟನೇ ಭಾಗಕ್ಕೆ ಹೊಸ ಕಡ್ಡಿಯೂ ಗಿಡ್ಡವಾಗಿತ್ತು. ನಡುವೆ ನಿಲ್ಲಿಸಿ ಬದಲಿಸುವಂತಿರಲಿಲ್ಲ. ಅವರು ಅದಕ್ಕೂ ಕೊಳವೆ ಸಿಕ್ಕಿಸಿದರು, ನನ್ನನ್ನು ಕಿಂಡಿಯ ಬಳಿ ನಿಲ್ಲಿಸಿದರು. "ತೆರೆ ಹಸಿರಾದರೆ ಕೂಗು. ಕೊಳವೆಯ ತಾಮ್ರ ಉರಿಯಲಿಕ್ಕೆ ಶುರುವಾಯಿತು ಅಂತ ಲೆಕ್ಕ." ಕೊನೆಯ ಹತ್ತು ನಿಮಿಷ ನಾನು ರಾಜ್‌ಕುಮಾರರನ್ನು ನೋಡಲಿಲ್ಲ, ಬರೀ ಬಣ್ಣ ನೋಡಿದೆ. ನಾಯಕ ಊರು ಬಿಟ್ಟು ನಡೆಯುವ ಹೊತ್ತಿಗೆ ಅಂಚಿನಲ್ಲಿ ತಿಳಿಹಸಿರು ಕಂಡಂತಾಯಿತು. ಕೂಗಿದೆ. ಅವರು ಕೈಯೆತ್ತಿ ತಡೆದರು, ಗುಂಡಿ ತಿರುಗಿಸಿ ಅಂತರ ಕಾಯ್ದರು. "ಶುಭಂ" ಬಂದ ಮೇಲೆಯೇ ಸ್ವಿಚ್ಚು ಆರಿಸಿದ್ದು. ಹೋಲ್ಡರಿನಲ್ಲಿ ಉಳಿದದ್ದು ಬೆರಳಿನ ಉಗುರಿನಷ್ಟು ಕಡ್ಡಿ.

ಜನ ಹೋದರು. ಆಪರೇಟರಣ್ಣ ಪ್ರತಿ ಭಾಗವನ್ನೂ ಕೈಯಿಂದ ಹಿಂದಕ್ಕೆ ಸುತ್ತಿದರು, ಬೆರಳ ತುದಿ ಅಂಚಿಗೆ ತಾಗಿಸಿ ಹರಿದ ತೂತುಗಳನ್ನು ಹುಡುಕುತ್ತಾ. ಆರನೇ ಭಾಗದಲ್ಲಿ ಒಂದು ಹರುಕು ಸಿಕ್ಕಿತು. ಬ್ಲೇಡಿನಿಂದ ಮೇಲ್ಪದರ ಕೆರೆದು, ಸಿಮೆಂಟು ಹಚ್ಚಿ, ಒತ್ತಿ ಹಿಡಿದರು. ಇನ್ನು ನಿಮಗೇನು, ಹಾಗೇ ಕಳಿಸಿ ಎಂದೆ.

"ನಾಡಿದ್ದು ಇನ್ನೊಬ್ಬ ಓಡಿಸ್ಬೇಕಲ್ಲ," ಎಂದರು. ಬೆಳಿಗ್ಗೆ ಆರೂವರೆಯ ಬಸ್ಸಿನ ಮೇಲೆ ಪೆಟ್ಟಿಗೆ ಹಾಕಿ, ಕಂಡಕ್ಟರನಿಂದ ಎಂದಿನಂತೆ ರಸೀದಿ ತೆಗೆದುಕೊಂಡರು.