ಎರಡು ನಿಮಿಷದ ಅತಿಥಿ ಪರಿಚಯ

ಮುಂಬಯಿಯಂತಹ ನಗರದಲ್ಲಿ ಆರೋಗ್ಯೋಪನ್ಯಾಸಕ್ಕೆ ಸಭಾಗೃಹ ದೊರೆಯುವುದು ಗಂಟೆಯ ಲೆಕ್ಕದಲ್ಲಿ; ಶ್ರೋತೃಗಳ ಮನಸ್ಸು ಅರ್ಧ ಲೋಕಲ್ ಗಾಡಿಯ ವೇಳೆಯ ಮೇಲೆ. ಅತಿಥಿ ಪರಿಚಯಕ್ಕೆ ಗೊತ್ತುಪಡಿಸಿದ ಎರಡು ನಿಮಿಷ ಆರಾಯಿತೆಂದರೆ, ಸಾಮಾನ್ಯವಾಗಿ ಕೊಚ್ಚಿಹೋಗುವುದು ಪ್ರಶ್ನೋತ್ತರದ ಅವಧಿ. ಮನೆಯಲ್ಲಿ ರೋಗಿಯನ್ನಿಟ್ಟುಕೊಂಡು ಬಂದವರು ಕೇಳದೆಯೇ ಮರಳುತ್ತಾರೆ.

ಪಾರ್ಶ್ವವಾಯುವಿನ ಕುರಿತು ಮಾತನಾಡಲು ನರರೋಗ ತಜ್ಞೆಯೊಬ್ಬರು ಬರುವರೆಂದು ಭಾವಿಸೋಣ. ಅವರ ವಿವರಪತ್ರವನ್ನು ಆಧರಿಸಿ ಕಾರ್ಯದರ್ಶಿಗಳು 400 ಪದಗಳ ಪರಿಚಯ ಸಿದ್ಧಪಡಿಸಿದ್ದಾರೆ. ಕನ್ನಡದ ಪದಗಳು ದೀರ್ಘವಾದವು. ಸ್ಪಷ್ಟವಾಗಿ ಓದಿದರೆ ನಿಮಿಷಕ್ಕೆ ನೂರರ ಆಸುಪಾಸು. ಧ್ವನಿವರ್ಧಕದವರೆಗಿನ ನಡಿಗೆ, ಚಪ್ಪಾಳೆ ಇವುಗಳಿಗೆ 20 ಸೆಕೆಂಡು ಕಳೆದರೆ ಉಳಿಯುವುದು ಸುಮಾರು 160 ಪದ. ವೇಗವಾಗಿ ಓದುವುದಾಗಲಿ, ಅಲ್ಲೊಂದು ಇಲ್ಲೊಂದು ವಿಶೇಷಣ ತೆಗೆಯುವುದಾಗಲಿ ಇಲ್ಲಿ ಸಾಲದು. ಇಡಿಯ ಸಂಗತಿಗಳೇ ಹೋಗಬೇಕು.

ಆದುದರಿಂದ ಕತ್ತರಿಯನ್ನು ಹಿಡಿಯುವ ಮುನ್ನ ಒಂದು ವಾಕ್ಯ ಬರೆದಿಟ್ಟುಕೊಳ್ಳಬೇಕು: ಈ ಸಭೆ ಇವರ ಮಾತನ್ನು ಏಕೆ ಕೇಳಬೇಕು? ಉತ್ತರ ಇಂತಿರಬಹುದು: ‘ಪಾರ್ಶ್ವವಾಯುವಿನಲ್ಲಿ ಕಳೆದ ಪ್ರತಿ ಕ್ಷಣದ ಬೆಲೆಯನ್ನು ತುರ್ತುಚಿಕಿತ್ಸಾ ವಿಭಾಗದಲ್ಲಿ ಕಂಡವರು ಇವರು.’ ಇದಕ್ಕೆ ಒದಗದ ಪ್ರಶಸ್ತಿ, ವಿದೇಶಯಾತ್ರೆ, ಪ್ರಬಂಧಗಳ ಸಂಖ್ಯೆ ಎಲ್ಲವೂ ಹೋಗಲಿ. ಪದವಿಗಳ ಸಾಲಿನ ಬದಲು ‘ನರರೋಗ ತಜ್ಞೆ’ ಎಂದರೆ ಸಾಕು. ಅವರು ಧಾರವಾಡದವರೆಂಬ ಮಾತು ಮಾತ್ರ ಇರಲಿ. ಅಭಿಮಾನಕ್ಕಾಗಿ ಅಲ್ಲ, ವೈದ್ಯರೊಡನೆ ಹಿಂದಿಯಲ್ಲಿ ತಡವರಿಸುವ ನಮ್ಮ ಹಿರಿಯ ತಾಯಂದಿರು ಕನ್ನಡದಲ್ಲಿಯೇ ಪ್ರಶ್ನಿಸಬಹುದೆಂದು ಅದರಿಂದ ತಿಳಿಯುತ್ತದೆ.

ನಿಜವಾದ ತೊಡಕು ರೋಗವನ್ನು ವಿವರಿಸುವ ಭಾಗದಲ್ಲಿದೆ. ಮೂಲಪ್ರತಿಯಲ್ಲಿ ಹೀಗಿದೆ ಎನ್ನೋಣ: ‘ಸ್ಕ್ಯಾನ್ ಮಾಡಿ ಮೆದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತವಾದ ಮೇಲೆ, ಅರ್ಹರಾದ ರೋಗಿಗಳಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಹೆಪ್ಪು ಕರಗಿಸುವ ಔಷಧ ಕೊಡುತ್ತಾರೆ.’ ಅವಸರದಲ್ಲಿ ಇದು ‘ಬೇಗನೆ ಔಷಧ ಕೊಟ್ಟರೆ ಹೆಪ್ಪು ಕರಗುತ್ತದೆ’ ಎಂದಾಗಿಬಿಡುತ್ತದೆ. ಪದಗಳು ಉಳಿದವು, ಸತ್ಯ ಹೋಯಿತು! ಇದನ್ನು ಕೇಳಿದವರು ಮನೆಯಲ್ಲಿಯೇ ರಕ್ತ ತೆಳುವಾಗಿಸುವ ಗುಳಿಗೆ ನುಂಗಿಸಿದರೆ, ರಕ್ತಸ್ರಾವದಿಂದಾದ ಪಾರ್ಶ್ವವಾಯುವಿನಲ್ಲಿ ಅಪಾಯ ಹೆಚ್ಚಬಹುದು. ವೈದ್ಯಕೀಯ ವಾಕ್ಯವನ್ನು ಅದರ ಷರತ್ತಿನೊಡನೆ ಉಳಿಸಬೇಕು, ಇಲ್ಲವೇ ಪೂರ್ತಿ ಬಿಡಬೇಕು. ಹೇಗೂ ಅದು ಉಪನ್ಯಾಸಕರು ಹೇಳಬೇಕಾದ ವಿಷಯ. ಅದರ ಸ್ಥಾನದಲ್ಲಿ ಇಷ್ಟು ಸಾಕು: ‘ಮುಖ ಒಂದು ಕಡೆಗೆ ವಾಲಿದಾಗ, ಕೈ ಸೋತಾಗ, ಮಾತು ತೊದಲಿದಾಗ ಕೂಡಲೆ ಆಸ್ಪತ್ರೆಗೆ ಏಕೆ ಧಾವಿಸಬೇಕೆಂಬುದನ್ನು ಅವರಿಂದಲೇ ಕೇಳೋಣ.’

ಬಳಿಕ ಗಡಿಯಾರವಿಟ್ಟುಕೊಂಡು ಗಟ್ಟಿಯಾಗಿ ಓದಿ, ವಿಷಯವರಿಯದ ಮನೆಯವರೊಬ್ಬರನ್ನು ‘ಬರುವವರು ಯಾರು, ಏತಕ್ಕೆ?’ ಎಂದು ಕೇಳಬೇಕು. ಪ್ರಶಸ್ತಿಯ ಹೆಸರು ನೆನಪಿದ್ದು ಇದು ನೆನಪಿಲ್ಲದಿದ್ದರೆ, ಉಳಿಯಬಾರದುದು ಉಳಿದಿದೆ. ಸಭೆಯ ದಿನ ಅಧ್ಯಕ್ಷರು ‘ಒಂದೇ ನಿಮಿಷ’ ಎನ್ನುವುದೂ ಉಂಟು. ಅದಕ್ಕಾಗಿ ಬಿಡಬಹುದಾದ ವಾಕ್ಯಗಳಿಗೆ ಮೊದಲೇ ಪೆನ್ಸಿಲಿನಿಂದ ಗೆರೆಯೆಳೆದಿಟ್ಟಿರಬೇಕು; ಆಗ ವೇದಿಕೆಯ ಮೇಲೆ ನಿಂತು ಆರಿಸಬೇಕಾಗುವುದಿಲ್ಲ.